ನಿವೇಶನಕ್ಕೆ ಬೆಂಕಿ ಬೀಳದು

ಬೆಂಗಳೂರಿನ ಜಯನಗರದಲ್ಲಿ 30-40 ಸೈಟಿನ ಮನೆಯೊಂದು ಎರಡೂವರೆ ಕೋಟಿಗೆ ಮಾರಾಟವಾಗುತ್ತದೆ ಎನ್ನೋಣ. ಅಷ್ಟಕ್ಕೇ ವಿಮೆ ಮಾಡಿಸಿದರೆ ಮಾಲೀಕರು ನೆಲಕ್ಕೂ ಪ್ರೀಮಿಯಂ ಕಟ್ಟಿದಂತೆ. ಮನೆ ಸುಟ್ಟುಹೋದರೂ ಸೈಟು ಅಲ್ಲೇ ಇರುತ್ತದೆ. ಕಂಪನಿ ಕೊಡುವುದು ಮನೆ ಮತ್ತೆ ಕಟ್ಟುವ ಖರ್ಚನ್ನು ಮಾತ್ರ.

2021ರ ಏಪ್ರಿಲ್‌ನಲ್ಲಿ ಬಂದ ‘ಭಾರತ್ ಗೃಹ ರಕ್ಷಾ’ ಪಾಲಿಸಿಯ ಲೆಕ್ಕ ಸರಳ: ಕಾರ್ಪೆಟ್ ವಿಸ್ತೀರ್ಣವನ್ನು ಇಂದಿನ ನಿರ್ಮಾಣ ದರದಿಂದ ಗುಣಿಸಬೇಕು. ಮನೆ 120 ಚದರ ಮೀಟರ್, ದರ ಮೀಟರಿಗೆ 30,000 ಎಂದರೆ 36 ಲಕ್ಷ. ಕಾಂಪೌಂಡ್, ಸಂಪು ಮುಂತಾದವಕ್ಕೆ 3 ಲಕ್ಷ ಸೇರಿಸಿದರೆ 39 ಲಕ್ಷ.

ದರವನ್ನು ಹಳೆಯ ಬಿಲ್ಲಿನಿಂದಲ್ಲ, ಈಗ ಅಂಥದೇ ಮನೆ ಕಟ್ಟುತ್ತಿರುವ ಮೇಸ್ತ್ರಿಯಿಂದ ಕೇಳಬೇಕು. ಸಾಗುವಾನಿ ಬಾಗಿಲು, ಗ್ರಾನೈಟ್ ಇದ್ದರೆ ಅದು ಏರುತ್ತದೆ.

ಮೊತ್ತ ಕಡಿಮೆ ಬರೆಸಿದರೂ ಈ ಪಾಲಿಸಿಯಲ್ಲಿ ಪರಿಹಾರವನ್ನು ಅದೇ ಅನುಪಾತದಲ್ಲಿ ಕತ್ತರಿಸುವುದಿಲ್ಲ. ಆದರೆ ಮನೆ ಪೂರ್ತಿ ಕುಸಿದರೆ 25 ಲಕ್ಷ ಬರೆಸಿದವರಿಗೆ ಮಿಕ್ಕ 14 ಲಕ್ಷ ಕೈಯಿಂದಲೇ.