ಅಜ್ಜಿಗೊಂದು ಹಾರೈಕೆ: ‘ನೀನು’ ಎನ್ನಬೇಕೋ, ‘ನೀವು’ ಎನ್ನಬೇಕೋ?

ಕೆಲವು ವಾರಗಳ ಹಿಂದೆ ಭಾನುವಾರದ ಪೂಜೆ ಮುಗಿದ ಮೇಲೆ ನಮ್ಮ ಧರ್ಮಕೇಂದ್ರದ ಯುವತಿಯೊಬ್ಬಳು ಮಡಿಸಿದ ಕಾಗದವೊಂದನ್ನು ಹಿಡಿದು ಬಂದಳು. ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವ ಈಕೆ ಓದಿದ್ದೆಲ್ಲವೂ ಇಂಗ್ಲಿಷ್ ಮಾಧ್ಯಮದಲ್ಲಿ. ಊರಿನಲ್ಲಿರುವ ಅಜ್ಜಿಗೆ ಎಂಬತ್ತು ವರ್ಷ ತುಂಬುವ ದಿನ ನೆಂಟರಿಷ್ಟರೆಲ್ಲ ಸೇರುವವರಿದ್ದರು. ಆ ದಿನ ಓದಿ, ಬಳಿಕ ಅಜ್ಜಿಯ ಕೈಗೆ ಕೊಡಲೆಂದು ಈಕೆ ನಾಲ್ಕಾರು ಸಾಲುಗಳ ಶುಭಾಶಯವನ್ನು ಕನ್ನಡದಲ್ಲಿ ಬರೆದಿದ್ದಳು. “ಫಾದರ್, ತಪ್ಪಿದ್ದರೆ ತಿದ್ದಿಕೊಡಿ. ಅಜ್ಜಿ ನಾಲ್ಕನೆಯ ತರಗತಿಯವರೆಗೆ ಓದಿದವಳು, ಕನ್ನಡಕ ಹಾಕಿಕೊಂಡು ಅಕ್ಷರ ಅಕ್ಷರವಾಗಿ ಓದುತ್ತಾಳೆ. ಅವಳ ಮುಂದೆ ನನಗೆ ನಾಚಿಕೆಯಾಗಬಾರದು” ಎಂದಳು.

ಅವಳು ಬರೆದದ್ದನ್ನು ಇದ್ದಂತೆಯೇ ಓದುಗರ ಮುಂದಿಡಲು ಅವಳ ಒಪ್ಪಿಗೆ ಪಡೆದಿದ್ದೇವೆ:

“ಪೂಜ್ಯ ಅಜ್ಜಿಯವರೇ, ನಿನಗೆ ಎಂಬತ್ತನೆಯ ಹುಟ್ಟು ಹಬ್ಬದ ಹಾರ್ಧಿಕ ಶುಭಾಷಯಗಳು. ನೀವು ನಮಗೆ ಕೊಟ್ಟ ಪ್ರೀತಿಯನ್ನು ಎಂದೂ ಮರೆಯುವುದಿಲ್ಲ. ದೇವರು ನಿನ್ನನ್ನು ಆಯುರಾರೋಗ್ಯ ಕೊಡಲಿ. ನೀವು ನೂರು ವರ್ಷ ಸುಖವಾಗಿ ಬಾಳಲಿ. ನಿಮ್ಮ ಪ್ರೀತಿಯ ಮೊಮ್ಮಗಳು.”

ಕಾಗುಣಿತದ ತಪ್ಪುಗಳು ಎರಡೇ. ‘ಹಾರ್ದಿಕ’ ಎಂಬುದು ಹೃದಯಕ್ಕೆ ಸಂಬಂಧಿಸಿದ ಪದ. ಹೃದಯದಲ್ಲಿರುವ ಅಲ್ಪಪ್ರಾಣ ‘ದ’ಕಾರವೇ ಇಲ್ಲಿಯೂ ಉಳಿಯುತ್ತದೆ, ಮಹಾಪ್ರಾಣಕ್ಕೆ ಎಡೆಯಿಲ್ಲ. ‘ಶುಭಾಶಯ’ವೆಂದರೆ ಶುಭವಾದ ಆಶಯ. ‘ಭಾಷೆ’ಯ ನೆನಪಿನಿಂದಲೋ ಏನೋ, ಬಹಳ ಮಂದಿ ಅಲ್ಲಿ ‘ಷ’ ಬರೆಯುತ್ತಾರೆ. ನಗರಗಳ ದೊಡ್ಡ ದೊಡ್ಡ ಫಲಕಗಳಲ್ಲಿಯೂ ಇದನ್ನು ಕಂಡಿದ್ದೇವೆ. ‘ಹುಟ್ಟುಹಬ್ಬ’ವನ್ನು ಕೂಡಿಸಿ ಬರೆಯುವುದು ಚೆಂದ. ಇವನ್ನು ತಿದ್ದಲು ಒಂದು ನಿಮಿಷವೂ ಹಿಡಿಯಲಿಲ್ಲ.

ನಮ್ಮನ್ನು ಅರ್ಧ ಗಂಟೆ ಕೂರಿಸಿದ್ದು ಬೇರೆಯ ಸಂಗತಿ. ಮೊದಲ ವಾಕ್ಯದಲ್ಲಿ ‘ಅಜ್ಜಿಯವರೇ’ ಎಂದು ಕರೆದು ಮರುಗಳಿಗೆಯಲ್ಲಿಯೇ ‘ನಿನಗೆ’ ಎಂದಿದ್ದಾಳೆ. ಎರಡನೆಯದರಲ್ಲಿ ‘ನೀವು’, ಮೂರನೆಯದರಲ್ಲಿ ‘ನಿನ್ನನ್ನು’, ನಾಲ್ಕನೆಯದರಲ್ಲಿ ಮತ್ತೆ ‘ನೀವು’. ಕೇಳುವವರಿಗೆ, ಇವಳು ಮಾತನಾಡುತ್ತಿರುವುದು ಒಬ್ಬ ಅಜ್ಜಿಯೊಡನೆಯೋ ಇಬ್ಬರೊಡನೆಯೋ ಎಂಬ ಅನುಮಾನ ಬರಬೇಕು. “ಮನೆಯಲ್ಲಿ ಅಜ್ಜಿಯನ್ನು ಏನೆಂದು ಕರೆಯುತ್ತೀ?” ಎಂದು ಕೇಳಿದೆವು. ಹುಡುಗಿ ತಲೆ ತಗ್ಗಿಸಿದಳು. ಚಿಕ್ಕಂದಿನಿಂದಲೂ ‘ನೀನು’ ಎಂದೇ ಕರೆದವಳು. ಅಜ್ಜಿ ಅದನ್ನು ಎಂದೂ ತಿದ್ದಿದವರಲ್ಲ. ಈಗ ಮದುವೆ ಗೊತ್ತಾಗಿದೆ. ವರನ ಮನೆಯಲ್ಲಿ ಹಿರಿಯರಿಗೆಲ್ಲ ‘ನೀವು’ ಎನ್ನುವುದು ರೂಢಿ. ಅವರೂ ಆ ದಿನ ಬಂದಿರುತ್ತಾರೆ. ‘ನೀನು’ ಎಂದು ಓದಿದರೆ, ಹಿರಿಯರಿಗೆ ಮರ್ಯಾದೆ ಕೊಡಲು ಕಲಿಯದ ಹುಡುಗಿ ಎಂದುಕೊಂಡಾರೆಂಬ ಅಳುಕು. ಹಾಗೆಂದು ‘ನೀವು’ ಎಂದು ಬರೆಯಲು ಹೊರಟರೆ ಕೈ ಅರ್ಧದಲ್ಲಿಯೇ ತಪ್ಪುತ್ತಿತ್ತು. ಅವಳ ಬರಹದ ಗೊಂದಲಕ್ಕೆ ಕಾರಣ ವ್ಯಾಕರಣದ ಅಜ್ಞಾನವಲ್ಲ, ಮನಸ್ಸಿನ ಇಬ್ಬಂದಿತನ ಎಂಬುದು ಆಗ ನಮಗೆ ಹೊಳೆಯಿತು.

ಕನ್ನಡದಲ್ಲಿ ‘ನೀವು’ ಬಹುವಚನವಾಗಿದ್ದುಕೊಂಡು ಒಬ್ಬರಿಗೇ ಗೌರವಾರ್ಥವಾಗಿ ಸಲ್ಲುವ ಪದ. ಆದರೆ ‘ನೀನು’ ಎಂಬುದೆಲ್ಲವೂ ಅಗೌರವವಲ್ಲ. ಆಳಿಗೂ ‘ನೀನು’ ಎನ್ನುತ್ತೇವೆ, ಅವ್ವನಿಗೂ ‘ನೀನು’ ಎನ್ನುತ್ತೇವೆ. ಮೊದಲನೆಯದು ಕೆಳಗೆ ನೋಡಿ ಆಡಿದ್ದು, ಎರಡನೆಯದು ಮಡಿಲಲ್ಲಿ ಕುಳಿತು ಆಡಿದ್ದು. ವಚನಕಾರರು ತಮ್ಮ ಆರಾಧ್ಯದೈವವನ್ನು ‘ನೀನು’ ಎಂದೇ ಕರೆದರು, ಹರಿದಾಸರೂ ಹಾಗೆಯೇ. ನಾವು ಗುರುಮಠದಲ್ಲಿ ತತ್ತ್ವಶಾಸ್ತ್ರ ಓದುವಾಗ ಮಾರ್ಟಿನ್ ಬೂಬರ್ ಅವರು 1923ರಲ್ಲಿ ಜರ್ಮನ್ ಭಾಷೆಯಲ್ಲಿ ಪ್ರಕಟಿಸಿದ ‘ಇಖ್ ಉಂಡ್ ಡು’ ಎಂಬ ಪುಸ್ತಕವನ್ನು ಇಂಗ್ಲಿಷಿನ ಮೂಲಕ ಪರಿಚಯ ಮಾಡಿಕೊಂಡೆವು. ಇಂಗ್ಲಿಷಿನ ಹಳೆಯ ‘ದೌ’ ಎಂಬ ಪದವನ್ನು ನೋಡಿ, ಅದೇನೋ ದೂರದ, ಘನವಾದ ಸಂಬೋಧನೆಯೆಂದು ಬಹುಕಾಲ ಭಾವಿಸಿದ್ದೆವು. ಜರ್ಮನ್ನರು ಮನೆಮಂದಿಯನ್ನೂ ಮಕ್ಕಳನ್ನೂ ದೇವರನ್ನೂ ‘ಡು’ ಎನ್ನುತ್ತಾರೆಂದು ಅನಂತರ ತಿಳಿಯಿತು. ನೇರ ಕನ್ನಡದಲ್ಲಿ ಅದು ‘ನಾನು ಮತ್ತು ನೀನು’. ಇರಲಿ, ಅಜ್ಜಿಯ ಹಾರೈಕೆಗೆ ಮರಳೋಣ.

ಆದ್ದರಿಂದ ನಾವು ಹುಡುಗಿಗೆ ಹೇಳಿದ್ದಿಷ್ಟು: ಅಜ್ಜಿಯೊಡನೆ ಅಡಿಗೆಮನೆಯಲ್ಲಿ ಹೇಗೆ ಮಾತನಾಡುತ್ತೀಯೋ ಕಾಗದದಲ್ಲಿಯೂ ಹಾಗೆಯೇ ಬರೆ. ಇಪ್ಪತ್ತೈದು ವರ್ಷ ‘ನೀನು’ ಎಂದವಳು ಎಂಬತ್ತರ ದಿನ ಇದ್ದಕ್ಕಿದ್ದಂತೆ ‘ನೀವು’ ಎಂದರೆ, ಮೊಮ್ಮಗಳು ದೂರ ಹೋದಳೆಂದು ಆ ಹಿರಿಯ ಜೀವಕ್ಕೆ ಅನ್ನಿಸೀತು. ನಿಮ್ಮ ಮನೆಯ ರೂಢಿ ‘ನೀವು’ ಎಂದಾಗಿದ್ದರೆ ‘ನೀವು’ ಎಂದೇ ಬರೆಯಬೇಕೆನ್ನುತ್ತಿದ್ದೆವು. ಇನ್ನು ನೆಂಟರೆದುರಿನ ಮರ್ಯಾದೆಯ ಪ್ರಶ್ನೆ. ಅದಕ್ಕೆ ನಮ್ಮ ನುಡಿಯಲ್ಲಿಯೇ ದಾರಿಯಿದೆ. ಎದುರಿಗೆ ‘ನೀನು’ ಎನ್ನುವ ಅನೇಕ ಮನೆಗಳಲ್ಲಿ, ಇತರರೊಡನೆ ಅಜ್ಜಿಯ ವಿಷಯ ಹೇಳುವಾಗ ‘ನಮ್ಮಜ್ಜಿ ಹೇಳಿದರು’, ‘ಅವರು ಬಂದರು’ ಎಂದು ಬಹುವಚನ ಹಚ್ಚುತ್ತಾರೆ. ಓದುವ ಮುನ್ನ ಸಭೆಗೆ ನಾಲ್ಕು ಮಾತು ಹೇಳುವಾಗ “ನಮ್ಮ ಅಜ್ಜಿಗೆ ಇಂದು ಎಂಬತ್ತು ತುಂಬಿತು, ನಮ್ಮನ್ನು ಬೆಳೆಸಿದವರು ಅವರು” ಎನ್ನು. ಬಳಿಕ ಅಜ್ಜಿಯ ಕಡೆಗೆ ತಿರುಗಿ ‘ನೀನು’ ಎಂದು ಓದು. ಎರಡೂ ಅವರವರಿಗೆ ಸಲ್ಲುತ್ತವೆ. (ಹಳೆಯ ಮೈಸೂರಿನ ಹಳ್ಳಿಗಳಲ್ಲಿ ‘ಅಜ್ಜಿ ಬಂತು’ ಎಂದು ನಪುಂಸಕಲಿಂಗದಲ್ಲಿ ಹೇಳುವುದೂ ಉಂಟು. ಆಡುವವರ ಬಾಯಲ್ಲಿ ಅದು ಸವಿಯೇ, ಸಭೆಯಲ್ಲಿ ಓದುವ ಬರಹಕ್ಕೆ ಹೊಂದದು.)

ಸಂಬೋಧನೆಯ ವಿಷಯವೂ ಇದಕ್ಕೆ ಹೊಂದಿಕೊಂಡದ್ದು. ‘ಅವರು’ ಸೇರಿಸಿ ‘ಅಜ್ಜಿಯವರು’ ಎನ್ನುವುದು ಪರರ ಅಜ್ಜಿಗೆ ಒಪ್ಪುತ್ತದೆ: “ನಿಮ್ಮ ಅಜ್ಜಿಯವರು ಹೇಗಿದ್ದಾರೆ?” ಸ್ವಂತ ಅಜ್ಜಿಯನ್ನು ಕರೆಯುವಾಗ ‘ಅಜ್ಜಿ’ ಎಂಬ ಪದವೇ ಗೌರವವನ್ನು ಹೊತ್ತಿರುತ್ತದೆ. ಹಿಂದಿನವರು ಕಾಗದ ಬರೆಯುವಾಗ ತಂದೆಗೆ ‘ತೀರ್ಥರೂಪು’, ತಾಯಿಗೆ ‘ಮಾತೃಶ್ರೀ’, ಕಿರಿಯರಿಗೆ ‘ಚಿರಂಜೀವಿ’ ಎಂದು ಒಕ್ಕಣೆ ಹಾಕುತ್ತಿದ್ದರು. ಹಿರಿಯರಿಗೆ ಹಾಕುವ ಒಕ್ಕಣೆಯೊಂದಿಗೆ ಕಾಗದದುದ್ದಕ್ಕೂ ಬಹುವಚನವೇ ಬರುತ್ತಿತ್ತು. ‘ಪೂಜ್ಯ’ ಎಂದು ಆರಂಭಿಸಿ ‘ನೀನು’ ಎನ್ನಲಾಗದು. ‘ಪ್ರೀತಿಯ ಅಜ್ಜಿ’ ಎಂದು ಆರಂಭಿಸಿದರೆ ಎರಡಕ್ಕೂ ದಾರಿ ತೆರೆದಿರುತ್ತದೆ.

ಇನ್ನುಳಿದದ್ದು ಕ್ರಿಯಾಪದಗಳು. “ದೇವರು ನಿನ್ನನ್ನು ಆಯುರಾರೋಗ್ಯ ಕೊಡಲಿ” ಎಂಬಲ್ಲಿ ವಿಭಕ್ತಿ ತಪ್ಪಿದೆ. ಕೊಡುವುದು ಯಾರಿಗೆ? ‘ನಿನಗೆ’. ಕಾಪಾಡುವುದು ಯಾರನ್ನು? ‘ನಿನ್ನನ್ನು’. ಹುಡುಗಿಯ ಮನಸ್ಸಿನಲ್ಲಿ ಎರಡೂ ಕ್ರಿಯೆಗಳಿದ್ದವು, ಬರೆಯುವಾಗ ಒಂದರ ವಿಭಕ್ತಿ ಇನ್ನೊಂದಕ್ಕೆ ಅಂಟಿಕೊಂಡಿತು. “ದೇವರು ನಿನಗೆ ಆಯುರಾರೋಗ್ಯ ಕೊಟ್ಟು ಕಾಪಾಡಲಿ” ಎಂದರೆ ಸಾಕು. ಕಾಪಾಡುವುದು ಯಾರನ್ನೆಂದು ಮತ್ತೆ ಹೇಳಬೇಕಾಗಿಲ್ಲ.

“ನೀವು ಬಾಳಲಿ” ಎಂಬುದು ಇದಕ್ಕಿಂತ ಹೆಚ್ಚು ಹಬ್ಬಿರುವ ತಪ್ಪು. ಹಾರೈಕೆಯ ‘-ಅಲಿ’ ಪ್ರತ್ಯಯ ಪ್ರಥಮ ಪುರುಷಕ್ಕೆ, ಅಂದರೆ ಅವನು, ಅವಳು, ಅವರು, ಅದು ಎಂಬವಕ್ಕೆ ಮಾತ್ರ ಸೇರುತ್ತದೆ. ‘ಅವರು ಬಾಳಲಿ’, ‘ನಿಮ್ಮ ಬಾಳು ಸುಖವಾಗಿರಲಿ’ ಎರಡೂ ಸರಿ, ಏಕೆಂದರೆ ಎರಡನೆಯದರ ಕರ್ತೃ ‘ಬಾಳು’, ‘ನೀವು’ ಅಲ್ಲ. ‘ನೀವು’ ಕರ್ತೃವಾದರೆ ‘ಬಾಳಿರಿ’ ಎನ್ನಬೇಕು, ‘ನೀನು’ ಆದರೆ ‘ಬಾಳು’. ಇಲ್ಲೊಂದು ತೊಡಕು. ‘ನೂರ್ಕಾಲ ಬಾಳು’ ಎಂಬುದು ಹಿರಿಯರು ಕಿರಿಯರ ತಲೆಯ ಮೇಲೆ ಕೈಯಿಟ್ಟು ಹರಸುವ ಮಾತು. ಮೊಮ್ಮಗಳ ಬಾಯಲ್ಲಿ ಅದು ವ್ಯಾಕರಣಕ್ಕೆ ಸರಿಯಾದರೂ ಸ್ಥಾನಕ್ಕೆ ಸರಿಯಲ್ಲ. ಕಿರಿಯರು ದೇವರನ್ನು ಬೇಡಬಹುದು, ಹಿರಿಯರಿಂದ ಆಶೀರ್ವಾದ ಕೇಳಬಹುದು, ‘ನೀನು ಇನ್ನೂ ಬಹುಕಾಲ ನಮ್ಮೊಡನೆ ಇರಬೇಕು’ ಎಂದು ಹಟ ಹಿಡಿಯಲೂಬಹುದು. ಅಲ್ಲದೆ ಎಂಬತ್ತು ತುಂಬಿದವರಿಗೆ ‘ನೂರು ವರ್ಷ’ ಎಂದರೆ, ಉಳಿದದ್ದು ಇಪ್ಪತ್ತೇ ಎಂದು ಲೆಕ್ಕ ಒಪ್ಪಿಸಿದಂತಾಗುತ್ತದೆ!

ಲೆಕ್ಕದ ಮಾತು ಬಂದುದರಿಂದ ಜ್ಞಾನಸ್ನಾನದ ದಾಖಲೆ ಪುಸ್ತಕವನ್ನು ತೆಗೆದು ನೋಡಿದೆವು. ಹುಟ್ಟಿದ ವರ್ಷ ಸರಿಯಾಗಿಯೇ ಇತ್ತು. ಹುಟ್ಟಿದ ದಿನವನ್ನು ಎಣಿಸದೆ, ವರ್ಷ ತುಂಬಿದ ದಿನಗಳನ್ನು ಎಣಿಸಿದರೆ ಅದು ಎಂಬತ್ತನೆಯ ಹುಟ್ಟುಹಬ್ಬ. ಆದರೆ ಆ ದಿನ ಅಜ್ಜಿ ಕಾಲಿಡುವುದು ಎಂಬತ್ತೊಂದನೆಯ ವರ್ಷಕ್ಕೆ. ಹಳೆಯ ತಲೆಮಾರಿನವರಲ್ಲಿ ಕೆಲವರು ನಡೆಯುತ್ತಿರುವ ವರ್ಷವನ್ನೇ ವಯಸ್ಸೆಂದು ಹೇಳುವುದರಿಂದ ಸಭೆಯಲ್ಲಿ ವಾದವೆದ್ದೀತು. ‘ಎಂಬತ್ತು ತುಂಬಿದ ದಿನ’ ಎಂದರೆ ಯಾರಿಗೂ ತಕರಾರಿರದು.

‘ನೀವು ಕೊಟ್ಟ ಪ್ರೀತಿ’ ಎಂಬಲ್ಲಿ ತಪ್ಪೇನೂ ಇರಲಿಲ್ಲ. ಆದರೂ, “ಅಜ್ಜಿ ನಿನಗಾಗಿ ಮಾಡಿದ ಒಂದು ಕೆಲಸ ಹೇಳು” ಎಂದೆವು. ಕ್ಷಣವೂ ಯೋಚಿಸದೆ, “ಬೆಳಗಿನ ಬಸ್ಸಿಗೆ ಮುಂಚೆ ಎದ್ದು ನನಗೆ ಎರಡು ಜಡೆ ಹಾಕುತ್ತಿದ್ದಳು” ಎಂದಳು. ಅದನ್ನೇ ಬರೆಸಿದೆವು. ಕೊನೆಗೆ ಸಿದ್ಧವಾದದ್ದು ಇದು:

“ಪ್ರೀತಿಯ ಅಜ್ಜಿ, ನಿನಗೆ ಎಂಬತ್ತು ತುಂಬಿದ ಈ ದಿನ ಹುಟ್ಟುಹಬ್ಬದ ಹಾರ್ದಿಕ ಶುಭಾಶಯಗಳು. ಬೆಳಗಿನ ಬಸ್ಸಿಗೆ ಮುಂಚೆ ಎದ್ದು ನೀನು ನನಗೆ ಎರಡು ಜಡೆ ಹಾಕುತ್ತಿದ್ದುದನ್ನು ನಾನು ಮರೆತಿಲ್ಲ. ದೇವರು ನಿನಗೆ ಆಯುರಾರೋಗ್ಯ ಕೊಟ್ಟು ಕಾಪಾಡಲಿ. ನಿನ್ನ ಆಶೀರ್ವಾದ ನನ್ನ ಮೇಲಿರಲಿ. ನಿನ್ನ ಮೊಮ್ಮಗಳು.”

‘ನೀವು’ ಎನ್ನುವ ಮನೆಯವರು ಇದನ್ನೇ ಬಳಸಬಹುದು. ಬದಲಾಗಬೇಕಾದವು ಐದೇ ಪದಗಳು: ‘ನಿನಗೆ’ ಇರುವ ಎರಡೂ ಕಡೆ ‘ನಿಮಗೆ’, ‘ನೀನು’ ಇರುವಲ್ಲಿ ‘ನೀವು’, ‘ನಿನ್ನ’ ಇರುವ ಎರಡೂ ಕಡೆ ‘ನಿಮ್ಮ’. ‘ಹಾಕುತ್ತಿದ್ದುದನ್ನು’ ಎಂಬುದು ಎರಡಕ್ಕೂ ಒಂದೇ ರೂಪ. ಅದರ ಬದಲು ಪೂರ್ಣ ವಾಕ್ಯ ಬರೆಯುವುದಾದರೆ ಮಾತ್ರ ‘ನೀನು ಹಾಕುತ್ತಿದ್ದೆ’, ‘ನೀವು ಹಾಕುತ್ತಿದ್ದಿರಿ’ ಎಂದು ಕ್ರಿಯಾಪದವೂ ಜೊತೆಗೆ ಹೊರಳಬೇಕು. ಹೀಗೆ ಬದಲಾಯಿಸುವಾಗ ಒಂದೆರಡು ಕಡೆ ಕಣ್ಣು ತಪ್ಪುವುದು ಸಹಜ. ಮೊದಲು ‘ನೀ’, ‘ನಿ’ ಅಕ್ಷರಗಳಿಂದ ಆರಂಭವಾಗುವ ಪದಗಳಿಗೆಲ್ಲ ಸೀಸದಕಡ್ಡಿಯಿಂದ ಗೆರೆ ಎಳೆದುಕೊಂಡು, ಬಳಿಕ ಒಂದೊಂದನ್ನೂ ಗಟ್ಟಿಯಾಗಿ ಓದಿ ನೋಡಿದರೆ ತಪ್ಪಿದ್ದು ಕಿವಿಗೇ ತಿಳಿಯುತ್ತದೆ.

ಕಳೆದ ವಾರ ಹುಡುಗಿ ಮತ್ತೆ ಸಿಕ್ಕಿದ್ದಳು. ಸಭೆಯಲ್ಲಿ ಓದುವಾಗ ‘ನೀನು’ ಬಂದಲ್ಲಿ ಯಾರೂ ಹುಬ್ಬೇರಿಸಲಿಲ್ಲವಂತೆ. ಎಲ್ಲರೂ ಊಟಕ್ಕೆದ್ದ ಮೇಲೆ ಅಜ್ಜಿ ಕನ್ನಡಕ ತರಿಸಿಕೊಂಡು, ಬೆರಳಿಟ್ಟು ಮತ್ತೊಮ್ಮೆ ತಾವೇ ಓದಿ, “ಎರಡಲ್ಲ, ಶನಿವಾರ ಒಂದೇ ಜಡೆ ಹಾಕುತ್ತಿದ್ದೆ” ಎಂದರಂತೆ.