ಹೊಟ್ಟೆಹುಣ್ಣಿಗೆ ಮೂರು ಔಷಧಿಯೋ, ನಾಲ್ಕೋ?

ಎಂಡೋಸ್ಕೋಪಿ ಮಾಡುವಾಗ ಜಠರದ ಒಳಪದರದಿಂದ ಚಿಕ್ಕದೊಂದು ಚೂರು ತೆಗೆದು ಹಳದಿ ಜೆಲ್‌ನೊಳಗೆ ಇಡುತ್ತಾರೆ. ಜೆಲ್ ಗುಲಾಬಿ ಬಣ್ಣಕ್ಕೆ ತಿರುಗಿದರೆ ಹೆಲಿಕೋಬ್ಯಾಕ್ಟರ್ ಪೈಲೋರಿ ಅಲ್ಲಿದೆ ಎಂದರ್ಥ. ಈ ಬ್ಯಾಕ್ಟೀರಿಯಾ ಯೂರಿಯಾವನ್ನು ಒಡೆದು ಅಮೋನಿಯಾ ಮಾಡಿಕೊಂಡು ಜಠರದ ಆಸಿಡ್‌ನಿಂದ ಪಾರಾಗುತ್ತದೆ. ಬಣ್ಣ ಬದಲಾಗುವುದೂ ಆ ಅಮೋನಿಯಾದಿಂದಲೇ. ಅಲ್ಸರ್‌ಗೂ ಇದಕ್ಕೂ ನಂಟಿದೆ ಎಂದು ತೋರಿಸಿದ ಆಸ್ಟ್ರೇಲಿಯಾದ ಬ್ಯಾರಿ ಮಾರ್ಷಲ್, ರಾಬಿನ್ ವಾರೆನ್ ಅವರಿಗೆ 2005ರಲ್ಲಿ ನೊಬೆಲ್ ಬಂತು.

ಇದನ್ನು ಕೊಲ್ಲಲು ಹಳೆಯ ದಾರಿ ಮೂರು ಔಷಧಿಯದು: ಆಸಿಡ್ ಇಳಿಸುವ ಮಾತ್ರೆ, ಅಮೋಕ್ಸಿಸಿಲಿನ್, ಕ್ಲಾರಿಥ್ರೋಮೈಸಿನ್. ದಿನಕ್ಕೆ ಎರಡೇ ಹೊತ್ತು, ಮೂರೂ ಸೇರಿಸಿದ ಕಿಟ್ ಕೂಡ ಸಿಗುತ್ತದೆ. ನಾಲ್ಕರ ದಾರಿಯಲ್ಲಿ ಆಸಿಡ್ ಮಾತ್ರೆಯ ಜೊತೆ ಬಿಸ್ಮತ್, ಟೆಟ್ರಾಸೈಕ್ಲಿನ್, ಮೆಟ್ರೋನಿಡಜೋಲ್ ಇರುತ್ತವೆ. ದಿನಕ್ಕೆ ಹತ್ತಕ್ಕೂ ಹೆಚ್ಚು ಮಾತ್ರೆ, ಮೂರು-ನಾಲ್ಕು ಹೊತ್ತು. ಸುಲಭದ್ದನ್ನು ಬಿಟ್ಟು ಕಷ್ಟದ್ದನ್ನು ಯಾಕೆ ಬರೆಯುತ್ತಾರೆ?

ನಲವತ್ತೈದು ವರ್ಷದ ಒಬ್ಬ ಬಸ್ ಕಂಡಕ್ಟರ್ ಎಂದುಕೊಳ್ಳಿ. ಸಣ್ಣ ಕರುಳಿನ ಆರಂಭದಲ್ಲಿ ಹುಣ್ಣು, ಜೆಲ್ ಗುಲಾಬಿ. ಗಂಟಲು ಕೆಟ್ಟಾಗಲೆಲ್ಲ ಮೆಡಿಕಲ್ ಶಾಪ್‌ನಿಂದ ಅಜಿತ್ರೋಮೈಸಿನ್, ಭೇದಿಯಾದಾಗ ಮೆಟ್ರೋನಿಡಜೋಲ್ ತಂದು ನುಂಗಿದವರು. ಚಿಕಿತ್ಸೆಯನ್ನು ನಿರ್ಧರಿಸುವುದು ಈ ಹಳೆಯ ಮಾತ್ರೆಗಳೇ, ಆದರೆ ಬಹಳಷ್ಟು ರೋಗಿಗಳು ಕೇಳದ ಹೊರತು ಹೇಳುವುದಿಲ್ಲ. ಅಜಿತ್ರೋಮೈಸಿನ್, ಕ್ಲಾರಿಥ್ರೋಮೈಸಿನ್ ಒಂದೇ ಕುಟುಂಬದವು. ಒಂದಕ್ಕೆ ಪಳಗಿದ ಬ್ಯಾಕ್ಟೀರಿಯಾ ಇನ್ನೊಂದಕ್ಕೂ ಜಗ್ಗುವುದಿಲ್ಲ, ಡೋಸ್ ಏರಿಸಿದರೂ ಅಷ್ಟೇ. ಒಂದು ಊರಿನಲ್ಲಿ ಇಂಥ ಪ್ರತಿರೋಧ ಶೇ. 15 ದಾಟಿದರೆ, ಪರೀಕ್ಷಿಸದೆ ಮೂರರ ಕೋರ್ಸ್ ಕೊಡಬಾರದು ಎಂಬುದು ತಜ್ಞರ ನಿಲುವು.

ಹಾಗಾದರೆ ಮೆಟ್ರೋನಿಡಜೋಲ್? ಅದಕ್ಕೂ ನಮ್ಮಲ್ಲಿ ಪ್ರತಿರೋಧ ಹೆಚ್ಚು. ಆದರೆ ಪೂರ್ಣ ಡೋಸ್‌ನಲ್ಲಿ, ಬಿಸ್ಮತ್ ಜೊತೆಗೆ, 14 ದಿನ ಕೊಟ್ಟರೆ ಪ್ರತಿರೋಧವಿದ್ದರೂ ಹೆಚ್ಚಿನವರಲ್ಲಿ ಅದು ಕೆಲಸ ಮಾಡುತ್ತದೆ. ಟೆಟ್ರಾಸೈಕ್ಲಿನ್‌ಗೆ ಪ್ರತಿರೋಧ ಅಪರೂಪ. ಹೀಗಾಗಿ ಕಂಡಕ್ಟರ್‌ಗೆ ನಾಲ್ಕರ ಕೋರ್ಸೇ ಸರಿ. ಪೆನಿಸಿಲಿನ್ ಅಲರ್ಜಿ ಇದ್ದವರಿಗೂ ಅದೇ, ಅಮೋಕ್ಸಿಸಿಲಿನ್ ಅದೇ ಬಳಗದ್ದು. ಗರ್ಭಿಣಿಯರಿಗೆ ಮಾತ್ರ ಟೆಟ್ರಾಸೈಕ್ಲಿನ್ ಸಲ್ಲದು.

ಆಸಿಡ್ ಮಾತ್ರೆ ಊಟಕ್ಕೆ ಅರ್ಧ ಗಂಟೆ ಮೊದಲು. ಟೆಟ್ರಾಸೈಕ್ಲಿನ್ ಹಾಲಿನ ಜೊತೆ ಬೇಡ, ಹಾಲಿನ ಕ್ಯಾಲ್ಸಿಯಂ ಅದನ್ನು ಹಿಡಿದಿಡುತ್ತದೆ. ಮೆಟ್ರೋನಿಡಜೋಲ್ ಇರುವಷ್ಟು ದಿನ ಮದ್ಯ ಮುಟ್ಟುವಂತಿಲ್ಲ. ಬಾಯಿ ಲೋಹದ ರುಚಿ ಹಿಡಿಯುತ್ತದೆ, ಬಿಸ್ಮತ್‌ನಿಂದ ಮಲ ಕಪ್ಪಾಗುತ್ತದೆ. ಅದನ್ನು ಕಂಡು ಹೆದರಿ ನಾಲ್ಕನೇ ದಿನಕ್ಕೇ ಮಾತ್ರೆ ಬಿಡುವವರಿದ್ದಾರೆ. ಹುಣ್ಣಿನಿಂದ ರಕ್ತ ಸೋರಿದರೆ ಮಲ ಟಾರಿನಂತೆ ಅಂಟಂಟಾಗಿ, ಕೆಟ್ಟ ವಾಸನೆಯಿಂದ ಕೂಡಿರುತ್ತದೆ, ತಲೆ ಸುತ್ತುತ್ತದೆ. ಆಗ ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ನೋವು ಹೋದ ಮಾತ್ರಕ್ಕೆ ಬ್ಯಾಕ್ಟೀರಿಯಾ ಹೋಯಿತೆಂದಲ್ಲ. ಕೋರ್ಸ್ ಮುಗಿದು ಕನಿಷ್ಠ ನಾಲ್ಕು ವಾರದ ಮೇಲೆ, ಆಸಿಡ್ ಮಾತ್ರೆಯನ್ನು ಎರಡು ವಾರ ನಿಲ್ಲಿಸಿ, ಉಸಿರಿನ ಅಥವಾ ಮಲದ ಪರೀಕ್ಷೆ ಮಾಡಿಸಬೇಕು. ರಕ್ತದ ಆಂಟಿಬಾಡಿ ಪರೀಕ್ಷೆ ಇದಕ್ಕೆ ಆಗದು: ಬ್ಯಾಕ್ಟೀರಿಯಾ ಸತ್ತು ತಿಂಗಳುಗಳಾದರೂ ಅದು ಪಾಸಿಟಿವ್ ಎಂದೇ ತೋರಿಸುತ್ತಿರುತ್ತದೆ.