ಏಳೂಕಾಲಿಗೆ ಹೊರಟುಹೋದ ಬಸ್ಸು

ನೀಟ್ ಪರೀಕ್ಷೆ ಮೇ ತಿಂಗಳ ಭಾನುವಾರ ಬರುತ್ತದೆ. ಅಣ್ಣನ ಮಗಳಿಗೆ ತೊಂದರೆಯಾದದ್ದು ಆ ಭಾನುವಾರದಿಂದಲೇ. ಆಗುಂಬೆ ರಸ್ತೆಯಿಂದ ಆರು ಕಿಲೋಮೀಟರ್ ಒಳಗಿರುವ ನಮ್ಮೂರಿಗೆ ಬಸ್ಸು ಬರುವುದು ಏಳೂವರೆಗೆ. ರಜೆಯಲ್ಲಿ ಕಾಲೇಜು ಮಕ್ಕಳಿಲ್ಲ, ದಾರಿಯಲ್ಲಿ ಹತ್ತುವವರಿಲ್ಲ, ಹಾಗಾಗಿ ಆವತ್ತು ಅದು ಏಳೂಕಾಲಿಗೇ ಬಂದು ಹೋಗಿತ್ತು. ನಾವು ಕಟ್ಟೆಯ ಮೇಲೆ ಕಾಲು ಗಂಟೆ ಕಾದಮೇಲೆ ಅಂಗಡಿಯವರು ಹೇಳಿದರು.

ಮುಂದಿನ ಬಸ್ಸು ಹನ್ನೊಂದಕ್ಕೆ. ಅದರಲ್ಲಿ ಹೋದರೆ ತೀರ್ಥಹಳ್ಳಿ ತಲುಪುವಾಗಲೇ ಹನ್ನೆರಡು. ಅಲ್ಲಿಂದ ಶಿವಮೊಗ್ಗಕ್ಕೆ ಇನ್ನೂ ಅರವತ್ತು ಕಿಲೋಮೀಟರ್. ಪರೀಕ್ಷೆ ಎರಡು ಗಂಟೆಗಾದರೂ ಕೇಂದ್ರದ ಗೇಟು ಒಂದೂವರೆಗೆ ಮುಚ್ಚುತ್ತದೆ. ಆಮೇಲೆ ಬಂದವರನ್ನು ಒಳಗೆ ಬಿಡುವುದಿಲ್ಲ.

ಹುಡುಗಿಯ ಕಣ್ಣಲ್ಲಿ ನೀರು ತುಂಬಿತ್ತು. ಆದರೂ ಲೆಕ್ಕ ಹಾಕಿದವಳು ಅವಳೇ. "ಚಿಕ್ಕಪ್ಪ, ತಪ್ಪಿದ್ದು ನಮ್ಮೂರ ಬಸ್ಸು ಮಾತ್ರ. ಮೇನ್ ರೋಡಿಗೆ ಹೋದರೆ ಉಡುಪಿಯ ಮಿನಿ ಬಸ್ಸುಗಳು ಸಿಗುತ್ತವಲ್ಲ?" ಆಗುಂಬೆ ಘಾಟಿಯ ತಿರುವುಗಳಲ್ಲಿ ದೊಡ್ಡ ಬಸ್ಸು ಓಡುವುದಿಲ್ಲ. ಘಾಟಿ ಹತ್ತಿ ಬರುವ ಮಿನಿ ಬಸ್ಸುಗಳು ತೀರ್ಥಹಳ್ಳಿಯ ಮೇಲೆ ಶಿವಮೊಗ್ಗಕ್ಕೆ ಹೋಗುತ್ತವೆ. ನಮಗೆ ಬಾಕಿ ಉಳಿದದ್ದು ಆರು ಕಿಲೋಮೀಟರ್ ಮಾತ್ರ.

ಡೈರಿಯ ಮುಂದೆ ಹಾಲಿನ ವ್ಯಾನು ನಿಂತಿತ್ತು. ಕ್ಯಾನು ತುಂಬಿಸುವುದನ್ನು ಕಾಯುವ ಆ ಇಪ್ಪತ್ತು ನಿಮಿಷದಲ್ಲಿ ನಾನು ಮೂರು ಸಲ ಗಡಿಯಾರ ನೋಡಿದೆ. ಅವಳು ಪ್ರವೇಶ ಪತ್ರ, ಆಧಾರ್ ಕಾರ್ಡು, ಪಾಸ್‌ಪೋರ್ಟ್ ಸೈಜಿನ ಫೋಟೋ ಎಲ್ಲ ಇವೆಯೇ ಎಂದು ಒಂದೊಂದಾಗಿ ನೋಡಿಕೊಂಡಳು. ಬಸ್ಸು ತಪ್ಪಿದರೆ ಬೇರೆ ಗಾಡಿ ಸಿಗುತ್ತದೆ. ಪ್ರವೇಶ ಪತ್ರ ಮನೆಯಲ್ಲೇ ಉಳಿದಿದ್ದರೆ ಹೊರಟ ದಾರಿಯಲ್ಲೇ ವಾಪಸ್ ಬರಬೇಕಿತ್ತು.

ಎಂಟೂಮುಕ್ಕಾಲಿಗೆ ಮೇನ್ ರೋಡಿನಲ್ಲಿ ಇಳಿದೆವು. ಮೊದಲು ಬಂದ ಮಿನಿ ಬಸ್ಸು ತುಂಬಿ ತುಳುಕುತ್ತಿತ್ತು, ನಿಲ್ಲಿಸಲೇ ಇಲ್ಲ. ಎರಡನೆಯದು ಒಂಬತ್ತೂಕಾಲಿಗೆ ಬಂತು. ತೀರ್ಥಹಳ್ಳಿಯವರೆಗೆ ನಿಂತೇ ಹೋದೆವು. ಅಲ್ಲಿ ಸೀಟು ಸಿಕ್ಕಿತು. ಮಂಡಗದ್ದೆ ದಾಟಿ, ತುಂಗೆಯ ಪಕ್ಕದ ಕಾಡಿನ ದಾರಿ ಬರುವ ಹೊತ್ತಿಗೆ ಅವಳು ನನ್ನ ಹೆಗಲಿಗೆ ಒರಗಿ ನಿದ್ದೆ ಹೋಗಿದ್ದಳು. ಸಕ್ರೆಬೈಲು ಬಂದಾಗಲೂ ನಾನು ಎಬ್ಬಿಸಲಿಲ್ಲ. ಹಿಂದಿನ ರಾತ್ರಿ ಅವಳು ಮಲಗಿದ್ದು ಎರಡು ಗಂಟೆಗೆ.

ಹನ್ನೆರಡಕ್ಕೆ ಹತ್ತು ನಿಮಿಷ ಇರುವಾಗ ಶಿವಮೊಗ್ಗದ ಬಸ್ ಸ್ಟ್ಯಾಂಡು. ಆಟೋ ಹಿಡಿದು ಕೇಂದ್ರ ತಲುಪಿದಾಗ ಹನ್ನೆರಡೂಕಾಲು. ಗೇಟಿನ ಮುಂದೆ ಸಾಲು ಆಗಲೇ ರಸ್ತೆಯವರೆಗೆ ಬೆಳೆದಿತ್ತು. ಒಬ್ಬೊಬ್ಬರನ್ನೂ ತಪಾಸಣೆ ಮಾಡಿ ಬಿಡುವುದಕ್ಕೆ ಹೊತ್ತು ಬೇಕು. ಒಂದು ಗಂಟೆಗೆ ಬಂದಿದ್ದರೂ ಸಾಕಿತ್ತು ಎಂದು ದಾರಿಯುದ್ದಕ್ಕೂ ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೆ. ಆ ಸಾಲು ನೋಡಿದ ಮೇಲೆ ಹಾಗೆ ಅನ್ನಿಸಲಿಲ್ಲ.

ಕಿವಿಯ ಓಲೆ, ಮೊಬೈಲು, ಬಸ್ಸಿನ ಚಿಲ್ಲರೆ ಎಲ್ಲವನ್ನೂ ನನ್ನ ಕೈಗೆ ಹಾಕಿ ಅವಳು ಒಳಗೆ ಹೋದಳು. ಸಂಜೆ ಐದಕ್ಕೆ ಪರೀಕ್ಷೆ ಮುಗಿಸಿ ಬಂದವಳಿಗೆ ಪ್ರಶ್ನೆ ಪತ್ರಿಕೆ ಹೇಗಿತ್ತು ಎಂದು ಕೇಳಬೇಕೆಂದಿದ್ದೆ. ಅವಳೇ ಮೊದಲು ಕೇಳಿದಳು.

"ಚಿಕ್ಕಪ್ಪ, ಊರಿಗೆ ಕೊನೆಯ ಬಸ್ಸು ಎಷ್ಟು ಗಂಟೆಗೆ?"